ಲೆಕ್ಕಕ್ಕೆ ಬಾರದ ಸಂಪಾದನೆ

ನಮ್ಮ ಭಾವನವರು ಮೈಸೂರಿನಲ್ಲಿ ದರ್ಜಿಗಳು. ದರ್ಜಿಗಳೆಂದರೆ ಸಾಮಾನ್ಯರಲ್ಲ, ಮದುವೆಯ ಕಾಲ ಬಂದಿತೆಂದರೆ ವರನ ಕೋಟಿನಿಂದ ಹಿಡಿದು ವರನ ಸೋದರಮಾವನ ಜುಬ್ಬದವರೆಗೆ ಎಲ್ಲವೂ ಅವರ ಕತ್ತರಿಯ ಕೆಳಗೇ ಹಾದುಹೋಗಬೇಕು. ಮೂರು ಯಂತ್ರ, ಇಬ್ಬರು ಕೆಲಸಗಾರರು, ಬಾಡಿಗೆಯ ಅಂಗಡಿ. ಎಲ್ಲ ಖರ್ಚು ಕಳೆದು ತಿಂಗಳಿಗೆ ಅರವತ್ತು ಸಾವಿರಕ್ಕೆ ಕಡಿಮೆಯಿಲ್ಲದೆ ಅವರ ಕೈಯಲ್ಲಿ ಉಳಿಯುತ್ತಿತ್ತೆಂಬುದು ನಮ್ಮ ಅಕ್ಕನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ಬೀದಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದುದು ಸರ್ಕಾರಕ್ಕೆ ಮಾತ್ರ. ಈ ಒಂದು ಅಜ್ಞಾನದಿಂದ ಏನೆಲ್ಲ ಆಗಬಹುದೆಂದು ತಿಳಿದದ್ದು 2022ರ ಆಗಸ್ಟಿನಲ್ಲಿ, ಅಕ್ಕನ ಹೆಸರಿನಲ್ಲಿದ್ದ ಮೂವತ್ತು ನಲವತ್ತರ ನಿವೇಶನದಲ್ಲಿ ಮನೆ ಕಟ್ಟಬೇಕೆಂದು ಸಾಲಕ್ಕೆ ಹೊರಟಾಗ.

ಬೇಕಾಗಿದ್ದುದು ಮೂವತ್ತು ಲಕ್ಷ. ನಾನು ಉಪನ್ಯಾಸಕ, ಅದಕ್ಕೆ ಎರಡು ವರ್ಷ ಮೊದಲು ನನ್ನ ಗೃಹಸಾಲಕ್ಕೆ ಸಂಬಳದ ಚೀಟಿ ಮೂರು, ಕಾಲೇಜು ಕೊಟ್ಟ ಫಾರಂ ಹದಿನಾರು, ಇಷ್ಟೇ ಸಾಕಾಗಿತ್ತು. ಆ ಅನುಭವದ ಬಲದಿಂದ ನಾನೇ ಭಾವನವರ ಸಾರಥಿಯಾದೆ. ಸಂಬಳದವನ ಅನುಭವ ಸ್ವಂತ ಉದ್ಯೋಗದವನಿಗೆ ಎಷ್ಟರಮಟ್ಟಿಗೆ ಉಪಯೋಗವಾಗುತ್ತದೆಂಬುದು ಬ್ಯಾಂಕಿನ ಮೆಟ್ಟಿಲು ಹತ್ತಿದ ಅರ್ಧ ಗಂಟೆಯಲ್ಲಿ ತಿಳಿಯಿತು.

ಅಧಿಕಾರಿಗಳು ಕೇಳಿದ್ದು ಎರಡು ಬಗೆಯ ಕಾಗದ: ಹಿಂದಿನ ಎರಡು ವರ್ಷಗಳ ಆದಾಯ ತೆರಿಗೆ ರಿಟರ್ನು ಮತ್ತು ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು. ರಿಟರ್ನುಗಳು ಇದ್ದವು. ಸಣ್ಣ ವ್ಯಾಪಾರಿಗಳಿಗೆ ಕಾಯಿದೆ ಒಂದು ಸೌಕರ್ಯ ಕೊಟ್ಟಿದೆ. 1961ರ ಕಾಯಿದೆಯಲ್ಲಿ ಅದು 44ಎಡಿ ಪ್ರಕರಣ. ಲೆಕ್ಕದ ಪುಸ್ತಕ ಇಡಬೇಕಾಗಿಲ್ಲ. ವಹಿವಾಟಿನಲ್ಲಿ ನಗದಾಗಿ ಬಂದುದರ ಶೇಕಡಾ 8, ಬ್ಯಾಂಕಿನ ಮೂಲಕ ಬಂದುದರ ಶೇಕಡಾ 6, ಇಷ್ಟನ್ನು ಲಾಭವೆಂದು ಒಪ್ಪಿಕೊಂಡರೆ ಇಲಾಖೆ ಹೆಚ್ಚು ಕೆದಕುವುದಿಲ್ಲ. ಆದರೆ ಆ ಎಂಟು, ಆರು ಎಂಬುವು ನೆಲಗಟ್ಟು, ಸೂರಲ್ಲ. ನಿಜವಾದ ಲಾಭ ಹೆಚ್ಚಾಗಿದ್ದರೆ ಹೆಚ್ಚನ್ನೇ ಬರೆಯಬೇಕು. ಭಾವನವರ ರಿಟರ್ನು ತುಂಬುತ್ತಿದ್ದ ಮಹಾಶಯರು ಈ ವಾಕ್ಯದ ಉತ್ತರಾರ್ಧವನ್ನು ಓದಿದ್ದಂತೆ ಕಾಣಲಿಲ್ಲ. ಐದು ಲಕ್ಷದೊಳಗೆ ಆದಾಯ ತೋರಿಸಿದರೆ ಆಗ ತೆರಿಗೆ ಸೊನ್ನೆ. ಆದ್ದರಿಂದ ಒಂದು ವರ್ಷ ಮೂರು ಲಕ್ಷ ತೊಂಬತ್ತು ಸಾವಿರ, ಮರುವರ್ಷ ನಾಲ್ಕೂವರೆ ಲಕ್ಷ. ಭಾವನವರು ವರ್ಷಕ್ಕೆ ಇಪ್ಪತ್ತು ಇಪ್ಪತ್ತೈದು ಸಾವಿರ ಉಳಿಯಿತೆಂದು ಸಂತೋಷಪಟ್ಟಿದ್ದರು.

ಅಧಿಕಾರಿಗಳು ಕಾಗದದ ಅಂಚಿನಲ್ಲಿ ಲೆಕ್ಕ ಹಾಕಿದರು. ಎರಡು ವರ್ಷದ ಸರಾಸರಿ 4,20,000. ತಿಂಗಳಿಗೆ 35,000. ಅದರಲ್ಲಿ ಅರ್ಧ ಸಂಸಾರಕ್ಕೆ. ಉಳಿದ 17,500 ಮಾತ್ರ ಎಲ್ಲ ಸಾಲದ ಕಂತುಗಳಿಗೆ. ಹೊಲಿಗೆಯಂತ್ರದ ಸಾಲಕ್ಕೆ ಆಗಲೇ ತಿಂಗಳಿಗೆ 4,000 ಹೋಗುತ್ತಿತ್ತು. ಉಳಿದದ್ದು 13,500. ಅಂದಿನ ಶೇಕಡಾ 8ರ ಬಡ್ಡಿಯಲ್ಲಿ, ಇಪ್ಪತ್ತು ವರ್ಷದ ಅವಧಿಗೆ, ಒಂದು ಲಕ್ಷ ಸಾಲಕ್ಕೆ ಕಂತು ಸುಮಾರು 836 ರೂಪಾಯಿ. ಭಾಗಿಸಿದರೆ ಹದಿನಾರು ಲಕ್ಷ ಚಿಲ್ಲರೆ.

“ಹದಿನಾರು ಲಕ್ಷಕ್ಕೆ ಅರ್ಧ ಮನೆ ಬರುತ್ತೆ ಸ್ವಾಮಿ. ಯಾವ ಅರ್ಧ ಕಟ್ಟಲಿ, ಕೆಳಗಿನದೋ ಮೇಲಿನದೋ?” ಎಂದರು ಭಾವನವರು.

ಅಧಿಕಾರಿಗಳು ನಗಲಿಲ್ಲ. ಅವರು ಆಗಲೇ ಸ್ಟೇಟ್‌ಮೆಂಟನ್ನು ಕೈಗೆತ್ತಿಕೊಂಡಿದ್ದರು. ನಾನು ಮಕ್ಕಳ ಉತ್ತರಪತ್ರಿಕೆ ತಿದ್ದುವವನು. ಆದರೆ ಒಂದು ಪೆನ್ಸಿಲು ಇಷ್ಟು ನಿರ್ದಾಕ್ಷಿಣ್ಯವಾಗಿ ಓಡಿದ್ದನ್ನು ಅದುವರೆಗೆ ಕಂಡಿರಲಿಲ್ಲ. ಹನ್ನೆರಡು ತಿಂಗಳಲ್ಲಿ ಖಾತೆಗೆ ಜಮೆಯಾದದ್ದು ಒಟ್ಟು 11,40,000. ಪರವಾಗಿಲ್ಲವಲ್ಲ ಎಂದುಕೊಂಡೆ. ಪೆನ್ಸಿಲು ಮೊದಲು ನಿಂತದ್ದು ಎರಡು ಲಕ್ಷದ ಮೇಲೆ, ಅದು ಚೀಟಿ ಎತ್ತಿದ ಹಣ, ಸಂಪಾದನೆಯಲ್ಲ, ಹೊಡೆದರು. ಆಮೇಲೆ ಒಂದೂವರೆ ಲಕ್ಷ, ಅರ್ಜಿ ಹಾಕುವ ಹದಿನೈದು ದಿನ ಮೊದಲು ನಗದಾಗಿ ಕಟ್ಟಿದ್ದು. “ಇದೇನು?” ಎಂದರು. ಭಾವನವರು ನೆಲ ನೋಡಿದರು. ಖಾತೆ ತುಂಬಿಕೊಂಡು ಕಾಣಲಿ ಎಂದು ಅಕ್ಕನ ಬಳೆಗಳನ್ನು ಅಡವಿಟ್ಟು ತಂದು ಕಟ್ಟಿದ್ದ ಹಣ ಅದು. ನನಗೂ ಹೇಳಿರಲಿಲ್ಲ. ಅದೂ ಹೋಯಿತು. ಅಕ್ಕನ ಖಾತೆಯಿಂದ ಆಗಾಗ ಬಂದು ಹೋಗುತ್ತಿದ್ದ ಅರವತ್ತು ಸಾವಿರವೂ ಹೋಯಿತು. ಮನೆಯ ಹಣ ಮನೆಯಲ್ಲೇ ತಿರುಗಿದರೆ ಅದು ವ್ಯಾಪಾರವಾಗದು. ಉಳಿದದ್ದು 7,30,000. ರಿಟರ್ನಿನಲ್ಲಿ ಬರೆದ ವಹಿವಾಟಾದರೋ ಹದಿಮೂರು ಲಕ್ಷ.

ಇಲ್ಲಿಯೇ ನನಗೆ ವಿಷಯದ ಗುಟ್ಟು ತಿಳಿದದ್ದು. ರಿಟರ್ನು ಎಂಬುದು ನಾವು ನಮ್ಮ ಬಗ್ಗೆ ಹೇಳಿಕೊಳ್ಳುವ ಮಾತು. ಲೆಕ್ಕದ ಪುಸ್ತಕವಿಲ್ಲದ ರಿಟರ್ನಾದರೆ ಕೇವಲ ಮಾತು. ಆ ಮಾತಿಗೆ ಸಾಕ್ಷಿ ಬ್ಯಾಂಕ್ ಸ್ಟೇಟ್‌ಮೆಂಟು. ಭಾವನವರ ಅಂಗಡಿಯಲ್ಲಿ ಅರ್ಧ ಹಣ ಫೋನಿನ ಮೂಲಕ ಬಂದು ಖಾತೆಗೆ ಬೀಳುತ್ತಿತ್ತು. ಇನ್ನರ್ಧ ಗಲ್ಲಾಪೆಟ್ಟಿಗೆಗೆ ಬಿದ್ದು, ಅಲ್ಲಿಂದಲೇ ಕೆಲಸಗಾರರ ಕೂಲಿ, ದಾರ, ಲೈನಿಂಗು, ತರಕಾರಿ, ಮಗಳ ಸಂಗೀತಪಾಠ ಎಂದು ಹರಿದುಹೋಗುತ್ತಿತ್ತು. ಬ್ಯಾಂಕಿನ ಕಣ್ಣಿಗೆ ಆ ಅರ್ಧ ಹುಟ್ಟಿಯೇ ಇರಲಿಲ್ಲ.

ಪೆನ್ಸಿಲು ಇನ್ನೂ ಎರಡು ಕಡೆ ದುಂಡಗೆ ಸುತ್ತಿತು. ಐದನೆಯ ತಾರೀಖು ವಿಮೆಯ ಕಂತು, ಹಣವಿಲ್ಲದೆ ಎರಡು ಸಲ ವಾಪಸಾಗಿತ್ತು. ಒಂದು ಸಲ ಖಾತೆಯಲ್ಲಿದ್ದುದು ಮುನ್ನೂರ ಹನ್ನೆರಡು ರೂಪಾಯಿ. ಹತ್ತನೆಯ ತಾರೀಖಿನ ಹೊತ್ತಿಗೆ ನಲವತ್ತು ಸಾವಿರ! “ದುಡ್ಡಿಲ್ಲದೆ ಅಲ್ಲ ಸಾರ್, ಗಲ್ಲಾದಲ್ಲಿ ಇತ್ತು,” ಎಂದರು ಭಾವನವರು. “ಇರಬಹುದು. ನನಗೆ ಕಾಣೋದು ವಾಪಸಾದದ್ದು ಮಾತ್ರ. ಕಂತು ಕಟ್ಟೋ ಅಭ್ಯಾಸ ನಾವು ಇದರಿಂದಲೇ ತಿಳೀಬೇಕು,” ಎಂದರು ಅಧಿಕಾರಿಗಳು.

ಹಿಂದಿರುಗುವಾಗ ಭಾವನವರು ಮಾತನಾಡಲಿಲ್ಲ. ಸಂಜೆಗೆ ಆ ರಿಟರ್ನಿನ ಮಹಾಶಯರೇ ಪರಿಹಾರ ಹೊತ್ತು ಬಂದರು. ಈ ವರ್ಷದ್ದನ್ನು ತಿದ್ದುಪಡಿ ಮಾಡಿ ಹಾಕೋಣ. ಹಿಂದಿನ ವರ್ಷಕ್ಕೆ ಅದೇ 2022ರಲ್ಲಿ ಹೊಸದಾಗಿ ಬಂದಿದ್ದ ಅಪ್‌ಡೇಟೆಡ್ ರಿಟರ್ನು ಹಾಕೋಣ. ತೆರಿಗೆಯ ಮೇಲೆ ಬಡ್ಡಿ, ಅದರ ಮೇಲೆ ಇನ್ನಷ್ಟು ಹೆಚ್ಚುವರಿ ಕಟ್ಟಬೇಕು, ಅಷ್ಟೇ. ಎರಡೂ ವರ್ಷ ಒಂಬತ್ತು ಲಕ್ಷ ಬರೆದುಬಿಟ್ಟರೆ ಸಾಲ ಕೈಗೆ ಬಂತು. ಅಕ್ಕ ನನ್ನ ಮುಖ ನೋಡಿದಳು. ಎಂ.ಎ. ಓದಿದ ತಮ್ಮನಿಗೆ ಇಂಥದೆಲ್ಲ ತಿಳಿದಿರುತ್ತದೆಂಬ ಅವಳ ನಂಬಿಕೆಯನ್ನು ಹಳಗನ್ನಡ ವ್ಯಾಕರಣ ಎಂದೂ ಕಾಪಾಡಿಲ್ಲ. ಮರುದಿನ ಒಬ್ಬನೇ ಹೋಗಿ ಅಧಿಕಾರಿಗಳನ್ನು ಕೇಳಿದೆ.

ಅವರು ಹೇಳಿದ್ದು ಇಷ್ಟು: ಬಿಟ್ಟುಹೋದ ನಿಜವಾದ ಆದಾಯವನ್ನು ತಡವಾಗಿ ಒಪ್ಪಿಕೊಳ್ಳುವುದು ಕಾಯಿದೆಯ ಪ್ರಕಾರ ತಪ್ಪಲ್ಲ, ಇಲಾಖೆ ಅದಕ್ಕೆಂದೇ ದಾರಿ ಮಾಡಿದೆ. ಆದರೆ ಪ್ರತಿ ರಿಟರ್ನಿನ ಸ್ವೀಕೃತಿಯ ಮೇಲೂ ಸಲ್ಲಿಸಿದ ತಾರೀಖು ಇರುತ್ತದೆ. ಎರಡು ವರ್ಷದ ರಿಟರ್ನು ಒಂದೇ ವಾರದಲ್ಲಿ, ಅದೂ ಸಾಲದ ಅರ್ಜಿಯ ಬೆನ್ನಿಗೇ ಸಲ್ಲಿಕೆಯಾಗಿದ್ದರೆ ನಾವು ಅದನ್ನು ಆದಾಯವೆಂದು ಓದುವುದಿಲ್ಲ, ಅವಸರವೆಂದು ಓದುತ್ತೇವೆ. ಜೊತೆಗೆ ಒಂಬತ್ತು ಲಕ್ಷ ಲಾಭವೆಂದು ಬರೆದವನ ಖಾತೆಯಲ್ಲಿ ಏಳು ಲಕ್ಷದ ವಹಿವಾಟು! “ಎರಡು ವರ್ಷ ಬಿಟ್ಟು ಬನ್ನಿ. ಅಂಗಡಿಗೇ ಬೇರೆ ಖಾತೆ ಮಾಡಿಸಿ, ಎಲ್ಲ ಹಣ ಅದರ ಮೂಲಕವೇ ಹೋಗಲಿ,” ಎಂದರು.

ಎರಡು ವರ್ಷ! ಬಾಡಿಗೆ ಮನೆಯಲ್ಲಿ ಮಾವನವರನ್ನು ಹಾಸಿಗೆಯ ಮೇಲಿಟ್ಟುಕೊಂಡು, ಮೂರನೆಯ ಮಹಡಿಗೆ ದಿನಕ್ಕೆ ಹತ್ತು ಸಲ ಹತ್ತಿ ಇಳಿಯುತ್ತಿದ್ದ ಅಕ್ಕನಿಗೆ ನಾನೇ ಈ ಮಾತು ಹೇಳಬೇಕಾಯಿತು. ಅವಳು ಕೇಳಿದ ಪ್ರಶ್ನೆ ಈಗಲೂ ಕಿವಿಯಲ್ಲಿದೆ: “ನೀನು ಜಾಮೀನು ನಿಂತರೆ ಆಗೋದಿಲ್ಲವೇನೋ?” ನನ್ನ ಸಾಲವೇ ನನ್ನ ಸಂಬಳದ ಅರ್ಧವನ್ನು ಹಿಡಿದಿತ್ತು. ಆಗುವುದಿಲ್ಲವೆಂದೆ. ಎರಡು ತಿಂಗಳು ಅವಳು ನನಗೆ ತಾನಾಗಿ ಫೋನು ಮಾಡಲಿಲ್ಲ.

ಭಾವನವರು ಮಾತ್ರ ಬಟ್ಟೆ ಅಳೆಯುವ ಶಿಸ್ತಿನಿಂದಲೇ ಕೆಲಸಕ್ಕೆ ನಿಂತರು. ಅಂಗಡಿಯ ಹೆಸರಿನಲ್ಲಿ ಚಾಲ್ತಿ ಖಾತೆ. ದಿನದ ನಗದನ್ನು ಮರುದಿನ ಬೆಳಿಗ್ಗೆ ಕಟ್ಟುವುದು, ಕೂಲಿಯನ್ನು ಖಾತೆಯಿಂದಲೇ ಕೊಡುವುದು, ಮನೆಯ ಖರ್ಚಿಗೆ ತಿಂಗಳಿಗೊಮ್ಮೆ ಒಂದೇ ಮೊತ್ತ ಅಕ್ಕನ ಖಾತೆಗೆ ಹಾಕುವುದು. ವಿಮೆಯ ಕಂತಿನ ತಾರೀಖನ್ನು ಹನ್ನೆರಡಕ್ಕೆ ಬದಲಾಯಿಸಿಕೊಂಡರು. ಯಂತ್ರದ ಸಾಲವನ್ನು ಅವಧಿಗೆ ಮುಂಚೆ ತೀರಿಸಿದರು. ರಿಟರ್ನಿಗೆ ಬೇರೊಬ್ಬರನ್ನು ಹಿಡಿದು, ಜುಲೈ ಮೂವತ್ತೊಂದರೊಳಗೆ, ಇದ್ದದ್ದನ್ನು ಇದ್ದಂತೆ ಬರೆಸಿದರು: 2022-23ಕ್ಕೆ 7,10,000, 2023-24ಕ್ಕೆ 8,30,000. ಮೊದಲ ವರ್ಷ ತೆರಿಗೆ 25,480 ರೂಪಾಯಿ. ಎರಡನೆಯ ವರ್ಷ 39,520. ಚಲನ್ ಕೈಯಲ್ಲಿ ಹಿಡಿದು, “ಮೇಷ್ಟ್ರೇ, ಇದು ಎರಡು ಕೋಟಿನ ಹೊಲಿಗೆಯಲ್ಲ, ಹತ್ತು ಕೋಟಿನ ಹೊಲಿಗೆ,” ಎಂದು ನಿಟ್ಟುಸಿರಿಟ್ಟರು. ನನಗೆ ಪ್ರತಿ ತಿಂಗಳೂ ಹೇಳದೆ ಕೇಳದೆ ಹಿಡಿಯುತ್ತಾರೆ. ಕೈಯಾರೆ ಎಣಿಸಿ ಕೊಡುವವನ ಸಂಕಟ ನನಗೇನು ಗೊತ್ತು!

2024ರ ಸೆಪ್ಟೆಂಬರಿನಲ್ಲಿ ಮತ್ತೆ ಹೋದೆವು. ಅಧಿಕಾರಿಗಳು ಬೇರೆಯವರು, ಪೆನ್ಸಿಲು ಅದೇ ಜಾತಿಯದು. ಸರಾಸರಿ 7,70,000, ತಿಂಗಳಿಗೆ 64,000 ಚಿಲ್ಲರೆ, ಅದರ ಅರ್ಧ 32,000, ಬೇರೆ ಸಾಲವಿಲ್ಲ. ಈ ನಡುವೆ ಬಡ್ಡಿ ಏರಿತ್ತು. ಶೇಕಡಾ 8.75ರಲ್ಲಿ ಮೂವತ್ತು ಲಕ್ಷಕ್ಕೆ ಕಂತು 26,511. ಎರಡು ವರ್ಷ ಹಿಂದೆ ಇದೇ ಸಾಲ 25,000 ಸುಮಾರಿಗೆ ಬರುತ್ತಿತ್ತು. ತಿಂಗಳಿಗೆ 1,400 ರೂಪಾಯಿ ಹೆಚ್ಚು, ಸಿಮೆಂಟು ಕಬ್ಬಿಣದ ಮಾತು ಬೇರೆ. ತೆರಿಗೆಯಲ್ಲಿ ಉಳಿಸಿದ್ದು ಯಾವ ಬಾಗಿಲಿನಿಂದ ಹೊರಗೆ ಹೋಯಿತೆಂದು ಭಾವನವರು ಅಲ್ಲಿಯೇ ಕುಳಿತು ಲೆಕ್ಕ ಹಾಕಿದರು, ಆದರೆ ಗಟ್ಟಿಯಾಗಿ ಹೇಳಲಿಲ್ಲ.

ಸ್ಟೇಟ್‌ಮೆಂಟಿನಲ್ಲಿ ಹದಿನೇಳು ಲಕ್ಷ ಜಮೆ, ರಿಟರ್ನಿನಲ್ಲಿಯೂ ಹದಿನೇಳು ಲಕ್ಷ. ಅಧಿಕಾರಿಗಳ ಪೆನ್ಸಿಲು ಒಂದು ಕಡೆ ಮಾತ್ರ ನಿಂತಿತು. “ಏಪ್ರಿಲ್ ಮೇ ತಿಂಗಳಲ್ಲಿ ಇಷ್ಟು ಹೆಚ್ಚು, ಆಷಾಢದಲ್ಲಿ ಇಷ್ಟು ಕಡಿಮೆ, ಯಾಕೆ?”

“ಆಷಾಢದಲ್ಲಿ ಯಾರು ಸಾರ್ ಮದುವೆ ಮಾಡ್ಕೋತಾರೆ?” ಎಂದರು ಭಾವನವರು.

ಈ ಸಲ ಅಧಿಕಾರಿಗಳು ನಕ್ಕರು. ಹದಿನೆಂಟು ದಿನಕ್ಕೆ ಮಂಜೂರಾತಿ ಪತ್ರ ಬಂತು. ಹೋದ ವರ್ಷ ಮಾಘದಲ್ಲಿ ಗೃಹಪ್ರವೇಶವಾಯಿತು. ಮಾವನವರು ಕೆಳಗಿನ ಕೋಣೆಯಲ್ಲಿ, ಕಿಟಕಿಯ ಪಕ್ಕದಲ್ಲಿದ್ದಾರೆ. ಅಕ್ಕನ ಬಳೆಗಳು ಹಿಂದಿರುಗಿ ಬಂದಿವೆ. ಹಳೆಯ ಗಲ್ಲಾಪೆಟ್ಟಿಗೆಯಲ್ಲಿ ಈಗ ಗುಂಡಿ ಮತ್ತು ಸೂಜಿಗಳನ್ನು ಇಟ್ಟಿದ್ದಾರೆ.