ಹೊಸಬರ ಕೈ ಯಾಕೆ ಬಿಗಿ, ಯಾಕೆ ನಡುಗತ್ತೆ?

ಹೊಸದಾಗಿ ಕೆಲಸ ಕಲಿಯೋರನ್ನ ನೋಡ್ರಿ. ನ್ಯಾಮತಿ ರಸ್ತೇಲಿ ಸ್ಕೂಟಿ ಕಲಿಯೋ ಹುಡುಗಿ ಇರ್ಲಿ, ಮೊದಲ ಸಲ ರೊಟ್ಟಿ ತಟ್ಟೋ ಸೊಸೆ ಇರ್ಲಿ, ಭುಜ ಕಿವಿ ತನಕ ಏರಿರತ್ತೆ, ಕೈ ಕಟ್ಟಿಗೆ ಆಗಿರತ್ತೆ, ಜೊತೆಗೆ ನಡುಕ ಬೇರೆ. ಮನೇಲಿ ದೊಡ್ಡೋರು "ಕೈಯಾಗ ಶಕ್ತಿನೇ ಇಲ್ಲ" ಅಂತಾರೆ. ಖರೇ ಅಂದ್ರೆ ಅಲ್ಲಿ ಶಕ್ತಿ ಕಮ್ಮಿ ಆಗಿರಲ್ಲ, ಹೆಚ್ಚಾಗಿರತ್ತೆ.

ನಮ್ಮ ತಮ್ಮನ ಸೊಸೆ ಚನ್ನಗಿರಿ ಕಡೆಯ ಅಡಿಕೆ ತೋಟದ ಮನೆಯವಳು. ಜಗಳೂರಿಗೆ ಬಂದ ಮೇಲೆ ಜೋಳದ ರೊಟ್ಟಿ ತಟ್ಟೋದು ಕಲಿಯಬೇಕಾಯ್ತು. ಮಣೆ ಮುಂದೆ ಕೂತ್ರೆ ಬೆರಳೆಲ್ಲ ಸೆಟೆದು ನಿಲ್ಲೋವು. ರೊಟ್ಟಿ ನಡುವೆ ತೆಳ್ಳಗೆ, ಅಂಚು ದಪ್ಪ ಆಗಿ ಒಡೆಯೋದು. ನಾಲ್ಕು ರೊಟ್ಟಿಗೇ ಮುಂಗೈ ಸೋಲೋದು. ಅದೇ ಹುಡುಗಿ ತವರಿಗೆ ಹೋಗಿ ಅಡಿಕೆ ಸುಲಿಯೋಕೆ ಕೂತ್ರೆ ಕತ್ತಿ ಮುಂದೆ ಆ ಕೈ ನೀರು ಹರಿದಂಗೆ ಓಡಾಡ್ತದೆ. ಅವಳ ಅತ್ತೆ ರೊಟ್ಟೀಲಿ ಎತ್ತಿದ ಕೈ. ಆದ್ರೆ ಚನ್ನಗಿರೀಲಿ ಅಡಿಕೆ ಸುಲಿಯೋಕೆ ಕೂತಾಗ ಅವಳ ಕೈಯೂ ಹಂಗೇ ಸೆಟೆದು ನಡುಗ್ತು. ಅಂದ್ರೆ ಇದು ಮನುಷ್ಯರ ಗುಣ ಅಲ್ಲ, ಕೆಲಸ ಹೊಸದು ಅಷ್ಟೇ.

ಒಳಗೆ ಏನಾಗತ್ತೆ ಅಂದ್ರೆ, ಸ್ನಾಯುವಿಗೆ ಎಳೆಯೋದು ಒಂದೇ ಗೊತ್ತು, ತಳ್ಳೋಕೆ ಬರಲ್ಲ. ಅದಕ್ಕೇ ಕೀಲಿನ ಎರಡೂ ಕಡೆ ಸ್ನಾಯು ಇರ್ತವೆ. ಮುಂಗೈಯ ಒಳಭಾಗದವು ಮಣಿಕಟ್ಟನ್ನ ಅಂಗೈ ಕಡೆ ಬಗ್ಗಿಸ್ತವೆ, ಹೊರಭಾಗದವು ಮೇಲೆ ಎತ್ತುತ್ತವೆ. ಪಳಗಿದ ಕೈಯಲ್ಲಿ ಒಂದು ಎಳೆಯುವಾಗ ಇನ್ನೊಂದು ಸಡಿಲ ಬಿಡತ್ತೆ. ಈ ಏರ್ಪಾಡಿನ ದಾರಿ ಬೆನ್ನುಹುರಿಯಲ್ಲೇ ಐತೆ ಅಂತ ತೋರಿಸಿಕೊಟ್ಟೋರು ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್. ನರಗಳ ಬಗ್ಗೆ ಮಾಡಿದ ಕೆಲಸಕ್ಕೆ 1932ರಲ್ಲಿ ಅವರಿಗೂ ಇನ್ನೊಬ್ಬರಿಗೂ ಸೇರಿ ನೊಬೆಲ್ ಬಂತು.

ಹೊಸ ಕೆಲಸದಲ್ಲಿ ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಅನ್ನೋದು ಮಿದುಳಿಗೆ ಇನ್ನೂ ಗೊತ್ತಿರಲ್ಲ. ಹಂಗಾಗಿ ಅದು ಎರಡೂ ಕಡೆಯವಕ್ಕೂ ಒಟ್ಟಿಗೇ "ಎಳೀರಿ" ಅಂತದೆ. ಪೆಂಡಾಲಿನ ಗಳಕ್ಕೆ ಎರಡೂ ಕಡೆ ಹಗ್ಗ ಬಿಗಿದಂಗೆ. ಗಾಳಿ ಬಂದ್ರೂ ಗಳ ಅಲ್ಲಾಡಲ್ಲ, ಆದ್ರೆ ಬೇಕಂದಾಗ ಸರಿಸೋಕೂ ಬರಲ್ಲ. ಕೈ ಬಿಗಿಯಾಗಿ ಕಾಣೋದು ಇದಕ್ಕೇ. ಎರಡೂ ಕಡೆ ಎಳೆತ ಒಂದನ್ನೊಂದು ತಿಂದುಹಾಕೋದ್ರಿಂದ ರೊಟ್ಟಿಗೆ ಮುಟ್ಟೋ ಬಲ ಸ್ವಲ್ಪ, ಆಯಾಸ ಬಹಳ.

ಇನ್ನು ನಡುಕ. ಸ್ನಾಯು ಯಾವತ್ತೂ ಒಂದೇ ಸಮ ಎಳೆಯಲ್ಲ, ಸಣ್ಣ ಏರಿಳಿತ ಇದ್ದೇ ಇರತ್ತೆ. ಜೋರಾಗಿ ಎಳೆದಷ್ಟೂ, ದಣಿದಷ್ಟೂ ಆ ಏರಿಳಿತ ದೊಡ್ಡದಾಗತ್ತೆ. ಕ್ಷಣಕ್ಕೊಮ್ಮೆ ಈ ಕಡೆ ಒಂಚೂರು ಗೆಲ್ಲತ್ತೆ, ಆ ಕಡೆ ಒಂಚೂರು ಗೆಲ್ಲತ್ತೆ. ಎದುರಿಗೆ ಅತ್ತೆ ನಿಂತು ನೋಡ್ತಿದ್ರೆ ಗಾಬರಿಗೆ ಇನ್ನೂ ಜಾಸ್ತಿ.

ನೀವೇ ಪರೀಕ್ಷೆ ಮಾಡ್ರಿ. ಮುಷ್ಟಿ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಿಂದ ಮುಂಗೈಯನ್ನ ಮೇಲೆ, ಕೆಳಗೆ ಮುಟ್ರಿ. ಎರಡೂ ಕಡೆ ಕಲ್ಲಿನಂಗೆ ಇರತ್ತೆ. ಕಲಿಯೋರು "ಮುಂಗೈ ಎರಡೂ ಕಡೆ ನೋಯ್ತದೆ" ಅಂದ್ರೆ ಅದೂ ಇದರ ಗುರುತೇ.

"ಕೈ ಸಡಿಲ ಬಿಡೇ" ಅಂತ ಕೂಗಿದ್ರೆ ಸಡಿಲ ಆಗಲ್ಲ, ಯಾಕಂದ್ರೆ ಅವಳು ಬೇಕಂತ ಬಿಗಿ ಮಾಡಿರಲ್ಲ. ಕೆಲಸಾನೇ ಹಗುರ ಮಾಡಬೇಕು. ನಮ್ಮ ತಮ್ಮನ ಮನೇಲಿ ಹಿಂಗೆ ಮಾಡಿದ್ರು: ನಿಂಬೆಹಣ್ಣಿನಷ್ಟು ಸಣ್ಣ ಉಂಡೆ, ಹಿಟ್ಟು ಚೆನ್ನಾಗಿ ನಾದಿ ಮೆತ್ತಗೆ ಮಾಡಿದ್ದು, ಮಣೆಗೆ ಒಣಹಿಟ್ಟು ಧಾರಾಳ. ಅಂಗೈ ಅಗಲ ಆದ್ರೆ ಸಾಕು, ಹಂಚಿಗೆ ಹಾಕೋದು ಅತ್ತೆದೇ ಕೆಲಸ. ರೊಟ್ಟಿ ಹರಿದ್ರೂ ಮತ್ತೆ ಉಂಡೆ ಮಾಡಿದ್ರಾಯ್ತು. ತಪ್ಪಿಗೆ ಬೆಲೆ ಕಮ್ಮಿ ಆದಂಗೆ ಬಿಗಿ ಇಳೀತು. ಮೊದಲು ಭುಜ ಇಳೀತು, ಆಮೇಲೆ ಮಣಿಕಟ್ಟು ಆಡ್ತು, ಕೊನೆಗೆ ಎಡಗೈ ರೊಟ್ಟಿ ತಿರುಗಿಸೋದೂ ಬಲಗೈ ತಟ್ಟೋದೂ ಒಂದೇ ಲಯಕ್ಕೆ ಬಂತು. ಪಟಪಟ ಸದ್ದು ಸಮ ಆಯ್ತು ಅಂದ್ರೆ ಸ್ನಾಯುಗಳು ಸರದಿ ಕಲಿತ್ವು ಅಂತ ತಿಳೀಬೇಕು.

ಬಿಗಿ ಪೂರ್ತಿ ಹೋಗಲ್ಲ, ಹೋಗಲೂಬಾರದು. ಹೊನ್ನಾಳೀಲಿ ತುಂಗಭದ್ರೆಯ ಒದ್ದೆ ಮೆಟ್ಟಿಲು ಇಳಿಯುವಾಗ ಎಷ್ಟೇ ಪಳಗಿದೋರಿಗೂ ಮೊಣಕಾಲು ಎರಡೂ ಕಡೆ ಬಿಗಿಯತ್ತೆ. ಜಾರಿದ್ರೂ ಬೀಳದಂಗೆ ಅದೇ ಕಾಪಾಡತ್ತೆ. ಆದ್ರೆ ಕೈ ಸುಮ್ಮನೆ ತೊಡೆ ಮೇಲೆ ಇಟ್ಟಾಗಲೂ ನಡುಗಿದ್ರೆ, ಇಲ್ಲ ವರ್ಷಗಟ್ಟಲೆ ಮಾಡಿದ ಕೆಲಸದಲ್ಲಿ ಈಗ ಹೊಸದಾಗಿ ನಡುಕ ಬಂದ್ರೆ, ಅದು ಕಲಿಕೆ ನಡುಕ ಅಲ್ಲ. ಡಾಕ್ಟರಿಗೆ ತೋರಿಸ್ರಿ.