ಖಾಲಿ ಕುರ್ಚಿಯ ಬೆಲೆ

ಕಳೆದ ವರ್ಷ ಹೈದರಾಬಾದಿನ ಕಾಚಿಗುಡದಲ್ಲಿ ದಂತವೈದ್ಯರೊಬ್ಬರ ಬಳಿ ರೂಟ್ ಕೆನಾಲ್‌ಗೆ ಸಮಯ ಗೊತ್ತುಮಾಡಿಕೊಂಡು, ಕಡತಗಳ ನಡುವೆ ಮರೆತೇಬಿಟ್ಟೆ. ಮರುದಿನ ಹೋದಾಗ ವೈದ್ಯೆ ಗದರಲಿಲ್ಲ. "ನಿಮಗಾಗಿ ಒಂದು ಗಂಟೆ ಕುರ್ಚಿ ಖಾಲಿಯಿತ್ತು; ಅದೇ ಬೆಳಿಗ್ಗೆ ನೋವಿನಿಂದ ಬಂದವರೊಬ್ಬರನ್ನು ಹಿಂದೆ ಕಳಿಸಿದ್ದೆ" ಎಂದರಷ್ಟೆ. ಆ ಮಾತು ಹಲ್ಲಿಗಿಂತ ಹೆಚ್ಚು ನೋಯಿಸಿತು.

ಈಗ ಅಲ್ಲಿಂದ ಎರಡು ದಿನ ಮೊದಲೇ ವಾಟ್ಸಾಪ್ ಸಂದೇಶ ಬರುತ್ತದೆ: ಬರುವುದಾದರೆ 1, ದಿನ ಬದಲಿಸಬೇಕಾದರೆ 2 ಎಂದು ಉತ್ತರಿಸಬೇಕು. ಹಿಂದಿನ ರಾತ್ರಿ ನೆನಪಿಸಿದರೆ ಮರೆತವನು ಎಚ್ಚರಗೊಳ್ಳುತ್ತಾನೆ ನಿಜ. ಆದರೆ ಬಾರದವನ ಜಾಗಕ್ಕೆ ಕಾಯುವವರನ್ನು ಕರೆಯಲು ಸಮಯವಿರುವುದಿಲ್ಲ.

ಮರೆವಿಗೆ ಸಂದೇಶ ಸಾಕು, ಉದಾಸೀನಕ್ಕೆ ಸಾಲದು. ಅದಕ್ಕೆಂದೇ ದೀರ್ಘ ಚಿಕಿತ್ಸೆಗೆ ಮಾತ್ರ ಯುಪಿಐ ಮೂಲಕ 200 ರೂಪಾಯಿ ಮುಂಗಡ. ಬಂದರೆ ಬಿಲ್ಲಿನಲ್ಲಿ ವಜಾ. 24 ಗಂಟೆ ಮೊದಲು ತಿಳಿಸಿದರೆ ವಾಪಸ್ಸು. ತೀವ್ರ ನೋವಿನಿಂದ ಬಂದವರಿಗೆ ಮುಂಗಡವಿಲ್ಲ.

ಇನ್ನೂರು ರೂಪಾಯಿಯಿಂದ ವೈದ್ಯೆಯ ನಷ್ಟ ತುಂಬದು, ತುಂಬಬೇಕಾಗಿಯೂ ಇಲ್ಲ. ಒಂದು ಕರೆ ಮಾಡಿಸಿದರೆ ಸಾಕು. ದಂಡಕ್ಕೆ ಅಪಾಯವೂ ಉಂಟು. ಇಸ್ರೇಲಿನ ಹೈಫಾದಲ್ಲಿ ಮಕ್ಕಳನ್ನು ತಡವಾಗಿ ಕರೆದೊಯ್ಯುವ ಪೋಷಕರಿಗೆ ಶಿಶುವಿಹಾರಗಳು ದಂಡ ಹಾಕಿದಾಗ ವಿಳಂಬ ಹೆಚ್ಚಿತೆಂದು ನೀಝಿ ಮತ್ತು ರುಸ್ತಿಕಿನಿ 2000ದಲ್ಲಿ ಬರೆದರು. ಹಣ ಕೊಟ್ಟ ಮೇಲೆ ಸಂಕೋಚವೇಕೆ? ದಂಡ ತೆಗೆದ ಮೇಲೂ ಆ ಸಂಕೋಚ ಮರಳಲಿಲ್ಲ.

ಆದ್ದರಿಂದ ಮುಂಗಡ ಹಿಂದಿರುಗುವಂತಿರಬೇಕು. ಕಳೆದ ವಾರ ನಾನು 2 ಒತ್ತಿದೆ; ಹಣ ಸಂಜೆಯೊಳಗೆ ಮರಳಿತು. ನನ್ನ ಗಂಟೆ ಯಾರದೋ ಹಲ್ಲುನೋವಿಗೆ ಒದಗಿರಬೇಕು.