ಮೊತ್ತದೊಳಗಿನ ಮೊತ್ತ

ವೇತನ ಚೀಟಿಯನ್ನು ಕೊನೆಯ ಸಾಲಿನಿಂದ ಓದುವುದು ನಮ್ಮೆಲ್ಲರ ಅಭ್ಯಾಸ. ಕೈಗೆ ಬಂದದ್ದೆಷ್ಟು ಎಂಬುದನ್ನು ಆ ಸಾಲು ಹೇಳುತ್ತದೆ. ಬರಬೇಕಾದದ್ದೆಷ್ಟು ಎಂಬುದನ್ನು ಹೇಳುವುದಿಲ್ಲ. ಡೊಂಬಿವಲಿಯಲ್ಲಿ ನಮ್ಮ ನೆರೆಯಲ್ಲಿರುವ ಸಿಂದಗಿ ಕಡೆಯ ತರುಣನೊಬ್ಬ ತನ್ನ 2024ರ ಡಿಸೆಂಬರ್ ತಿಂಗಳ ಚೀಟಿಯನ್ನು ತಂದು ತೋರಿಸಿದಾಗ ಈ ವ್ಯತ್ಯಾಸ ನನಗೆ ಸ್ಪಷ್ಟವಾಯಿತು. ಆತ ನವಿ ಮುಂಬಯಿಯ ಕೇಂದ್ರ ಸರಕಾರಿ ಕಚೇರಿಯೊಂದರ ಕಟ್ಟಡದಲ್ಲಿ ಗುತ್ತಿಗೆದಾರನ ಮೂಲಕ ಇಲೆಕ್ಟ್ರಿಷಿಯನ್ ಆಗಿದ್ದಾನೆ.

“ಸರ, ಇಪ್ಪತ್ತೈದು ಸಾವಿರದ ಮ್ಯಾಲ ಐತಿ, ಕಾಯ್ದೆಕ್ಕಿಂತ ಹೆಚ್ಚೇ ಕೊಡ್ತೀವಿ ಅಂತಾರ್ರಿ. ಖರೇನ್ರಿ?” ಎಂದು ಕೇಳಿದ.

ಮೊದಲು ತಿಳಿಯಬೇಕಾದದ್ದು ಯಾವ ಸರಕಾರದ ದರ ಅನ್ವಯಿಸುತ್ತದೆ ಎಂಬುದು. ಡೊಂಬಿವಲಿಯ ಖಾಸಗಿ ಕಾರ್ಖಾನೆಯಲ್ಲಿ ಇದೇ ಕೆಲಸ ಮಾಡುವವನಿಗೆ ಮಹಾರಾಷ್ಟ್ರ ಸರಕಾರದ ದರ. ಅಲ್ಲಿ ‘ವಿಶೇಷ ಭತ್ತಾ’ ಜನವರಿ ಮತ್ತು ಜುಲೈಗಳಲ್ಲಿ ಬದಲಾಗುತ್ತದೆ. ಕೇಂದ್ರದ ಕಚೇರಿಯ ಗುತ್ತಿಗೆ ಕಾರ್ಮಿಕನಿಗೆ ಕೇಂದ್ರದ ದರ. ಅದರಲ್ಲಿ ಮೂಲವೇತನ ವರ್ಷಗಟ್ಟಲೆ ಸ್ಥಿರವಾಗಿರುತ್ತದೆ. ಬೆಲೆ ಸೂಚ್ಯಂಕವನ್ನು ಅನುಸರಿಸುವ ತುಟ್ಟಿಭತ್ಯೆ, ಅಂದರೆ ವಿಡಿಎ, ಏಪ್ರಿಲ್ ಮತ್ತು ಅಕ್ಟೋಬರ್‌ಗಳಲ್ಲಿ ಪರಿಷ್ಕೃತವಾಗುತ್ತದೆ.

ಎರಡನೆಯದು ಪ್ರದೇಶ. ಕೇಂದ್ರದ ಪಟ್ಟಿಯಲ್ಲಿ ಊರುಗಳು ಎ, ಬಿ, ಸಿ ಎಂದು ವಿಂಗಡಣೆಗೊಂಡಿವೆ. “ನವಿ ಮುಂಬಯಿ ಮುಂಬಯಿಯಲ್ಲ, ಆದ್ದರಿಂದ ಎ ದರ ಇಲ್ಲ” ಎಂಬ ಮಾತನ್ನು ಗುತ್ತಿಗೆದಾರನ ಮೇಸ್ತ್ರಿ ಇವನಿಗೆ ಹೇಳಿದ್ದನಂತೆ. ಆದರೆ ಪಟ್ಟಿಯಲ್ಲಿರುವುದು ಬರಿಯ ಮುಂಬಯಿಯಲ್ಲ. ಬೃಹನ್ಮುಂಬಯಿ ನಗರ ಸಮೂಹ. ಜನಗಣತಿಯ ಪ್ರಕಾರ ಠಾಣೆ, ಕಲ್ಯಾಣ-ಡೊಂಬಿವಲಿ, ನವಿ ಮುಂಬಯಿ ಮೂರೂ ಪಾಲಿಕೆಗಳು ಅದರೊಳಗೇ ಇವೆ. ಹೀಗಾಗಿ ಎ ದರವೇ ಸರಿ.

2024ರ ಅಕ್ಟೋಬರ್ 1ರಿಂದ ಎ ಪ್ರದೇಶದ ಕಟ್ಟಡ ಕೆಲಸದಲ್ಲಿ ಕುಶಲ ಕಾರ್ಮಿಕನ ಮೂಲವೇತನ ದಿನಕ್ಕೆ 637 ರೂಪಾಯಿ, ವಿಡಿಎ 317, ಒಟ್ಟು 954. ಈ ದರದಲ್ಲಿ ವಾರದ ರಜೆಯ ಕೂಲಿಯೂ ಅಡಕವಾಗಿರುವುದರಿಂದ ತಿಂಗಳಿಗೆ 26 ದಿನಗಳ ಲೆಕ್ಕ. ಆ ಡಿಸೆಂಬರ್‌ನಲ್ಲಿ ಐದು ಭಾನುವಾರ ಕಳೆದರೆ ಉಳಿದದ್ದು 26 ದಿನ. ಅಷ್ಟೂ ದಿನ ಆತ ದುಡಿದಿದ್ದ. ಸಲ್ಲಬೇಕಾದದ್ದು 24,804.

ಚೀಟಿಯಲ್ಲಿದ್ದದ್ದು ಹೀಗೆ: ಮೂಲವೇತನ 14,000, ವಿಡಿಎ 6,500, ಮನೆಬಾಡಿಗೆ ಭತ್ಯೆ 2,000, ಪ್ರಯಾಣ ಭತ್ಯೆ 1,000, ಮಾಲೀಕರ ಪಿಎಫ್ ಪಾಲು 1,800. ಒಟ್ಟು 25,300.

ಪಟ್ಟಿಯ ವಿಡಿಎ ತಿಂಗಳಿಗೆ 8,242 ಆಗುತ್ತದೆ, ಚೀಟಿಯಲ್ಲಿ 6,500 ಮಾತ್ರ ಇದೆ ಎಂದು ಆ ಒಂದು ಸಾಲಿನ ಮೇಲೆ ದೂರು ಬರೆದರೆ ನಿಲ್ಲುವುದಿಲ್ಲ. ಏರ್‌ಫ್ರೈಟ್ ಸಂಸ್ಥೆ ಮತ್ತು ಕರ್ನಾಟಕ ಸರಕಾರದ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿಯೇ ಹೇಳಿದೆ: ಮೂಲವೇತನವೂ ವಿಡಿಎಯೂ ಕೂಡಿದ ಕನಿಷ್ಠ ವೇತನ ಒಂದೇ ಗಂಟು, ಕೊಡುವ ಒಟ್ಟು ವೇತನ ಅದನ್ನು ಮೀರಿದ್ದರೆ ವಿಡಿಎಯನ್ನು ಪ್ರತ್ಯೇಕವಾಗಿ ಕೊಡಬೇಕಾಗಿಲ್ಲ. ಸಾಲಿಗೆ ಸಾಲು ಅಲ್ಲ, ಮೊತ್ತಕ್ಕೆ ಮೊತ್ತ ಹೋಲಿಸಬೇಕು.

ಆದರೆ ಆ ಮೊತ್ತ ‘ವೇತನ’ದ ಮೊತ್ತವಾಗಿರಬೇಕು. ಆಗ ಜಾರಿಯಲ್ಲಿದ್ದ 1948ರ ಕನಿಷ್ಠ ವೇತನ ಕಾಯ್ದೆಯ ವ್ಯಾಖ್ಯೆಯಲ್ಲಿ ಮನೆಬಾಡಿಗೆ ಭತ್ಯೆ ಸೇರಿತ್ತು. ಪ್ರಯಾಣ ಭತ್ಯೆಯೂ ಮಾಲೀಕರು ಭವಿಷ್ಯನಿಧಿಗೆ ಕಟ್ಟುವ ಪಾಲೂ ಸೇರಿರಲಿಲ್ಲ. ಆ ಎರಡನ್ನು ಕಳೆದರೆ ಉಳಿಯುವುದು 22,500. ಕೊರತೆ 2,304 ರೂಪಾಯಿ. ಎಂ.ಎ.ಯಲ್ಲಿ ಇಂಗ್ಲಿಷ್ ಕವಿತೆಯ ಒಂದೊಂದು ಪದವನ್ನೂ ತೂಗಿ ನೋಡಿದ ನನಗೆ, ಒಂದು ಪದದ ವ್ಯಾಖ್ಯೆಗೆ ರೂಪಾಯಿಯಲ್ಲಿ ಬೆಲೆ ಕಂಡದ್ದು ಇದೇ ಮೊದಲು.

“ಹೇಳಿದ್ರ ಮಾರ್ಚಿನ್ಯಾಗ ತಗದ್‌ಬಿಟ್ರ?” ಎಂದು ಆತ ಕೇಳಿದ. ಭಯ ಸುಳ್ಳಾಗಿರಲಿಲ್ಲ, ಅವನ ಗುತ್ತಿಗೆಯ ಅವಧಿ ಮುಗಿಯುವುದು ಮಾರ್ಚಿಯಲ್ಲೇ. ಇನ್ನೊಂದು ಕಡೆ, ಕೊರತೆಯ ಅರ್ಜಿಗೆ ಆ ಕಾಯ್ದೆ ಸಾಮಾನ್ಯವಾಗಿ ಕೊಡುತ್ತಿದ್ದದ್ದು ಆರು ತಿಂಗಳ ಕಾಲಾವಕಾಶ. ಎರಡರ ನಡುವೆ ಒಂದು ದಾರಿ ಇತ್ತು: 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಂತೆ ಗುತ್ತಿಗೆದಾರ ಕಡಿಮೆ ಕೊಟ್ಟರೆ ಬಾಕಿ ತುಂಬುವ ಹೊಣೆ ಮುಖ್ಯ ಮಾಲೀಕನದಾಗಿತ್ತು, ಅಂದರೆ ಕಚೇರಿಯದು, ಅದು ಆ ಹಣವನ್ನು ಗುತ್ತಿಗೆದಾರನ ಬಿಲ್ಲಿನಿಂದ ವಸೂಲು ಮಾಡಿಕೊಳ್ಳಬಹುದಿತ್ತು. ಒಬ್ಬನೇ ಹೋಗಿ ಜಗಳವಾಡುವ ಬದಲು, ಅದೇ ದರ್ಜೆಯ ನಾಲ್ವರು ಸೇರಿ ಕಚೇರಿಗೆ ಒಂದು ಪುಟದ ಮನವಿ ಕೊಟ್ಟರು. ಅದರಲ್ಲಿ ದೂಷಣೆ ಇರಲಿಲ್ಲ, ಮೇಲಿನ ಲೆಕ್ಕವಷ್ಟೇ ಇತ್ತು.

ಫೆಬ್ರವರಿಯ ಚೀಟಿಯಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಬಾಕಿ 6,912 ರೂಪಾಯಿ ಬಂದಿತು. ಜನವರಿಯದ್ದು ಇನ್ನೂ ಬರಬೇಕಿತ್ತು.

2025ರ ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಗೆ ಬಂದಿದೆ. ಅದರ ವ್ಯಾಖ್ಯೆಯಲ್ಲಿ ಮನೆಬಾಡಿಗೆ ಭತ್ಯೆ ಸಾಮಾನ್ಯವಾಗಿ ವೇತನದ ಹೊರಗೆ ಉಳಿಯುತ್ತದೆ. ಅಂಥದೇ ಚೀಟಿ ಇಂದು ಬಂದರೆ ಕಳೆಯಬೇಕಾದ ಸಾಲುಗಳು ಎರಡಲ್ಲ, ಮೂರು.